ಅನಮೋಡದ ಮಸ್ಟರ್ ಮತ್ತು ಮೂರು ದಿನದ ಪಗಾರ

ಪಗಾರದ ಲೆಕ್ಕದಲ್ಲಿ ತಪ್ಪಾಯಿತೆಂದರೆ ಎಲ್ಲರೂ ಮೊದಲು ಅನುಮಾನಪಡುವುದು ಗುಣಾಕಾರ ಭಾಗಾಕಾರವನ್ನು. ದಾಂಡೇಲಿಯ ಒಂದು ಗುತ್ತಿಗೆ ಸಂಸ್ಥೆಯಲ್ಲಿ ವರ್ಷಗಟ್ಟಲೆ ಪಗಾರ ಮಾಡಿದ ನಾನು, ಕಂಪ್ಯೂಟರ್ ತಪ್ಪಾಗಿ ಗುಣಿಸಿದ್ದನ್ನು ಒಮ್ಮೆಯೂ ಕಂಡಿಲ್ಲ. ತಪ್ಪು ಇರುತ್ತಿದ್ದದ್ದು ಎರಡೇ ಕಡೆ. ಎಷ್ಟು ದಿನ ಎಂಬಲ್ಲಿ, ಮತ್ತು ಯಾವ ಮೊತ್ತದ ಮೇಲೆ ಎಂಬಲ್ಲಿ. ಇವೆರಡೂ ಒಂದೇ ಮನುಷ್ಯನ ಪಗಾರದಲ್ಲಿ ಒಂದರ ಹಿಂದೊಂದು ಬಂದ ಪ್ರಸಂಗವನ್ನು, ಎಚ್.ಆರ್. ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಯಾವಾಗಲೂ ಹೇಳುತ್ತಿದ್ದೆ.

ಅದು ಅನಮೋಡದ್ದು. ಜೋಯಿಡಾ ತಾಲ್ಲೂಕಿನ ಗಡಿಯ ಊರು. ಬೆಳಗಾವಿಯಿಂದ ಗೋವಾಕ್ಕೆ ಹೋಗುವ ರಸ್ತೆ ಅಲ್ಲಿಂದ ಘಟ್ಟ ಇಳಿದು ಮೊಲ್ಲೆಮ್ ಸೇರುತ್ತದೆ. ನಮ್ಮ ಸಂಸ್ಥೆಯ ಟಿಪ್ಪರ್, ಜೆಸಿಬಿಗಳು ನಿಲ್ಲುವ ಅಂಗಳ ಅಲ್ಲಿತ್ತು. ಚಾಲಕರು, ಸಹಾಯಕರು, ಕಾವಲಿನವರು ಅಲ್ಲೇ ಹಾಜರಿ ಹಾಕುತ್ತಿದ್ದರು. ಕಾಡಿನ ನಡುವೆ ಫೋನ್ ಸಿಗ್ನಲ್ ಸಿಕ್ಕರೆ ಸಿಕ್ಕಿತು. ಹಾಗಾಗಿ ಮೇಲ್ವಿಚಾರಕರು ಕೈಬರಹದ ಮಸ್ಟರ್ ಹಾಳೆಯನ್ನು ತಿಂಗಳ 25ಕ್ಕೆ ಮುಚ್ಚಿ, ರಾಮನಗರ, ಜಗಲಬೇಟ ದಾರಿಯಾಗಿ ದಾಂಡೇಲಿಗೆ ಬರುವ ಯಾರದೋ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಸಾವಿರಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಮುಂದಿನ ತಿಂಗಳ 7ರೊಳಗೆ ಪಗಾರ ಕೊಡಬೇಕೆಂದು 1936ರ ವೇತನ ಪಾವತಿ ಕಾಯ್ದೆಯೇ ಹೇಳುತ್ತಿತ್ತು. 31ರವರೆಗೆ ಕಾದರೆ ಹಾಳೆ ನಮ್ಮ ಕೈಗೆ ಬರುವುದೇ 3ಕ್ಕೋ 4ಕ್ಕೋ. ಅದಕ್ಕೇ 25ರ ಗಡುವು. ಉಳಿದ ಐದಾರು ದಿನಗಳ ವಿಷಯವನ್ನು ಅವರು ಸಿಗ್ನಲ್ ಸಿಗುವ ಕಡೆಗೆ ಬಂದು ಫೋನಿನಲ್ಲಿ ಹೇಳುತ್ತಿದ್ದರು.

ಚಾಲಕನೊಬ್ಬ 2019ರಲ್ಲಿ ಕೆಲಸಕ್ಕೆ ಸೇರಿದ. ಅವನಿಗೆ ಕೊಟ್ಟ ಪತ್ರದಲ್ಲಿ ತಿಂಗಳಿಗೆ 19,010 ರೂಪಾಯಿ ಎಂದಿತ್ತು. ಮೊದಲ ಪೂರ್ತಿ ತಿಂಗಳ ಪಗಾರವೆಂದು ಬ್ಯಾಂಕಿಗೆ ಜಮಾ ಆದದ್ದು 15,013. ನಾಲ್ಕು ಸಾವಿರ ಎಲ್ಲಿ ಹೋಯಿತು ಎಂದು ಅವನು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಪತ್ರದಲ್ಲಿದ್ದದ್ದು ಸಿಟಿಸಿ, ಅಂದರೆ ಅವನ ಮೇಲೆ ಸಂಸ್ಥೆಗೆ ಬೀಳುವ ಒಟ್ಟು ಖರ್ಚು. ಅದರಲ್ಲಿ ಮಾಲೀಕರು ತಮ್ಮ ಕಡೆಯಿಂದ ಕಟ್ಟುವ ಭವಿಷ್ಯ ನಿಧಿ 1,560 ಮತ್ತು ಇಎಸ್‌ಐ ವಂತಿಗೆ 550 ಸೇರಿಕೊಂಡಿದ್ದವು. ಅವೆರಡನ್ನು ತೆಗೆದರೆ ಉಳಿಯುವ 16,900 ಅವನ ಗ್ರಾಸ್. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000, ಮನೆ ಬಾಡಿಗೆ ಭತ್ಯೆ 3,900. ಈ ಗ್ರಾಸ್‌ನಿಂದ ಅವನ ಪಾಲಿನ ಕಡಿತಗಳು ಹೋಗಬೇಕು. ಭವಿಷ್ಯ ನಿಧಿಗೆ 1,560, ಇಎಸ್‌ಐಗೆ 127, ವೃತ್ತಿ ತೆರಿಗೆ 200. ಉಳಿದದ್ದು 15,013. ಲೆಕ್ಕ ಸರಿಯೇ ಇತ್ತು. ಆದರೆ ಕೆಲಸಕ್ಕೆ ಕರೆದವರು ಅವನಿಗೆ ಈ ಮೂರು ಅಂಕಿಗಳನ್ನು ಬೇರೆಬೇರೆಯಾಗಿ ಹೇಳಿರಲಿಲ್ಲ. ಮಾಲೀಕರ ಪಾಲು ನೌಕರನ ಗ್ರಾಸ್‌ನಿಂದ ಹೋಗುವುದಿಲ್ಲ, ಹೋಗಲೂಬಾರದು. ಇದು ಹೊಸಬರ ತಲೆಯಲ್ಲಿ ಗಟ್ಟಿಯಾಗದೇ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಆ ವರ್ಷ ಆಗಸ್ಟ್ ಮೊದಲ ವಾರದಲ್ಲಿ ಉತ್ತರ ಕನ್ನಡ, ಬೆಳಗಾವಿ ಕಡೆ ಸುರಿದ ಮಳೆ ಓದುಗರಿಗೆ ನೆನಪಿರಬಹುದು. ಹೊಳೆಗಳು ಉಕ್ಕಿ ಎಷ್ಟೋ ಕಡೆ ರಸ್ತೆ ಬಂದಾದವು. ಅಂಗಳಕ್ಕೆ ಬರಲಾಗದವರ ಆ ದಿನಗಳನ್ನು ಹಾಜರಿ ಎಂದೇ ಹಿಡಿಯಿರಿ ಎಂದು ಮಾಲೀಕರು ಬಾಯಿಮಾತಿನಲ್ಲಿ ಹೇಳಿದರು. ನಾನು ಅದನ್ನು ಒಂದು ಸಾಲಿನ ಪತ್ರವಾಗಿ ಬರೆಸಿಕೊಂಡು ಮಸ್ಟರ್‌ಗೆ ಲಗತ್ತಿಸಿದೆ. ದಯೆ ತೋರುವ ಅಧಿಕಾರ ಪಗಾರ ಮಾಡುವವರಿಗಿಲ್ಲ. ತೋರಿದವರ ಸಹಿ ಮಾತ್ರ ನಮ್ಮ ಕಡತದಲ್ಲಿರಬೇಕು.

ಆ ತಿಂಗಳ ಕೊನೆಗೆ, ಆಗಸ್ಟ್ 29, 30, 31ರಂದು, ಚಾಲಕ ಸೂಟಿ ಹಾಕಿ ಊರಿಗೆ ಹೋದ. ಸೆಪ್ಟೆಂಬರ್ 2ಕ್ಕೆ ಚೌತಿ. ನಮ್ಮ ಕಡೆ ಚೌತಿಗೆ ಊರಿಗೆ ಹೋಗದವರನ್ನು ಹುಡುಕಬೇಕು. ಅವನ ಲೆಕ್ಕದಲ್ಲಿ ರಜೆ ಉಳಿದಿರಲಿಲ್ಲ, ಆದ್ದರಿಂದ ಮೂರು ದಿನದ ಪಗಾರ ಕಟ್. ಮೇಲ್ವಿಚಾರಕರು ಫೋನಿನಲ್ಲಿ ಅದನ್ನು ತಿಳಿಸಿದರು.

ಮೂರು ದಿನದ ಪಗಾರ ಎಂದರೆ ಎಷ್ಟು? ಇಲ್ಲಿಂದಲೇ ವಾದ ಶುರುವಾಗುತ್ತದೆ. ತಿಂಗಳ ಗ್ರಾಸ್ ಅನ್ನು 30ರಿಂದ ಭಾಗಿಸುವ ಸಂಸ್ಥೆಗಳಿವೆ, ವಾರದ ರಜೆ ಬಿಟ್ಟು 26ರಿಂದ ಭಾಗಿಸುವವೂ ಇವೆ. ನಮ್ಮಲ್ಲಿ 26. ಹಾಗಾಗಿ ಚಾಲಕನ ದಿನದ ಲೆಕ್ಕ 650. ಅದರಲ್ಲಿ ಮೂಲ ವೇತನ 500, ಬಾಡಿಗೆ ಭತ್ಯೆ 150. ಮೂರು ದಿನಕ್ಕೆ 1,950 ಹೋದರೆ ಉಳಿಯುವುದು 14,950. ಆದರೆ ಹೊಸದಾಗಿ ಸೇರಿದ್ದ ನನ್ನ ಸಹಾಯಕಿ ಬೇರೆ ಅಂಕಿ ತಂದಳು. ಆ ಆಗಸ್ಟ್‌ನಲ್ಲಿ ನಾಲ್ಕು ಭಾನುವಾರ, 27 ಕೆಲಸದ ದಿನ. ಮೂರು ದಿನ ಇಲ್ಲ, ಅಂದರೆ 24 ದಿನದ ಹಾಜರಿ. 24 ಗುಣಿಸು 650 ಎಂದರೆ 15,600. ಅವಳ ಮುಖದಲ್ಲಿ, ಪಾಪದ ಚಾಲಕನಿಗೆ 650 ರೂಪಾಯಿ ಉಳಿಸಿಕೊಟ್ಟ ಸಂತೋಷವಿತ್ತು.

ನಾನು ಅವಳಿಗೆ ಅದೇ ವರ್ಷದ ಫೆಬ್ರುವರಿಯ ಹಾಳೆ ತೆಗೆದು ತೋರಿಸಿದೆ. 28 ದಿನ, ನಾಲ್ಕು ಭಾನುವಾರ, 24 ಕೆಲಸದ ದಿನ. ಹಾಜರಿಯನ್ನು ಗುಣಿಸುವ ಲೆಕ್ಕ ಹಿಡಿದರೆ, ಒಂದು ದಿನವೂ ತಪ್ಪಿಸದೆ ಬಂದವನಿಗೂ ಆ ತಿಂಗಳು 15,600 ಮಾತ್ರ ಸಿಗಬೇಕಾಗಿತ್ತು. ತಿಂಗಳ ಪಗಾರದವನಿಗೆ ತಿಂಗಳು ಉದ್ದವಿರಲಿ ಗಿಡ್ಡವಿರಲಿ 16,900 ನಿಗದಿಯಾಗಿದೆ. ಅವನ ವಿಷಯದಲ್ಲಿ ಎಣಿಸಬೇಕಾದದ್ದು ಬಾರದ ದಿನಗಳನ್ನು, ಬಂದ ದಿನಗಳನ್ನಲ್ಲ. ಬಂದ ದಿನ ಎಣಿಸುವುದು ದಿನಗೂಲಿಯವರಿಗೆ. ಒಂದೇ ಮಸ್ಟರ್ ಹಾಳೆಯಲ್ಲಿ ಎರಡೂ ಬಗೆಯವರ ಹೆಸರಿರುತ್ತಿದ್ದರಿಂದ ಈ ಗೊಂದಲ ಹುಟ್ಟುತ್ತಿತ್ತು. ಆಮೇಲೆ ಅವರಿಬ್ಬರ ಹಾಳೆಗಳನ್ನೇ ಬೇರೆ ಮಾಡಿಸಿದೆವು.

ಗ್ರಾಸ್ 14,950 ಎಂದು ಸರಿಪಡಿಸಿ ಹಾಳೆ ಮುಂದೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಚಾಲಕ ದಾಂಡೇಲಿಗೆ ಗಾಡಿ ರಿಪೇರಿಗೆಂದು ಬಂದವನು ನೇರ ನನ್ನ ಮೇಜಿಗೆ ಬಂದ. ಕೈಯಲ್ಲಿ ಪಗಾರ ಚೀಟಿ.

"ನೋಡ್ರಿ ಅಕ್ಕಾರ, ಮೂರು ದಿನಾ ಸೂಟಿ ಹಾಕೇನಿ, ಅದು ಖರೆ. ಅದರದ್ದು ಸಾವಿರದ ಒಂಬೈನೂರಾ ಐವತ್ತು ಹೋತು, ಅದೂ ಖರೆ. ಆದ್ರ ಉಳಿದ ಕಟ್ ಎಲ್ಲಾ ಮೊದಲಿನಷ್ಟ ಅದಾವಲ್ರಿ?"

ನಾನು ಚೀಟಿ ನೋಡಿದೆ. ಭವಿಷ್ಯ ನಿಧಿ 1,560, ಇಎಸ್‌ಐ 127, ವೃತ್ತಿ ತೆರಿಗೆ 200. ಕೈಗೆ ಬಂದದ್ದು 13,063. ಹಿಂದಿನ ತಿಂಗಳ ಶೀಟನ್ನು ಕಾಪಿ ಮಾಡುವಾಗ ಕಡಿತದ ಕಾಲಂಗಳಲ್ಲಿ ಸೂತ್ರ ಉಳಿಯದೆ ಬರೀ ಅಂಕಿಗಳು ಕೂತಿದ್ದವು. ಗ್ರಾಸ್ ಕಡಿಮೆಯಾಯಿತು, ಕಡಿತ ಅಲ್ಲಾಡಲಿಲ್ಲ.

ಕಡಿತ ಪ್ರತಿಯೊಂದೂ ತನ್ನದೇ ಒಂದು ಮೊತ್ತದ ಮೇಲೆ ನಿಂತಿರುತ್ತದೆ. ಭವಿಷ್ಯ ನಿಧಿಗೆ ಹಿಡಿಯುವುದು ಆ ತಿಂಗಳು ಗಳಿಸಿದ ಮೂಲ ವೇತನ ಮತ್ತು ತುಟ್ಟಿಭತ್ಯೆ. ಬಾಡಿಗೆ ಭತ್ಯೆ ಅದರೊಳಗೆ ಬರುವುದಿಲ್ಲ, ಓವರ್‌ಟೈಮೂ ಬರುವುದಿಲ್ಲ. ಚಾಲಕ ಆ ತಿಂಗಳು ಗಳಿಸಿದ್ದ ಮೂಲ ವೇತನ 23 ದಿನದ್ದು, 11,500. ಅದರ ಶೇಕಡಾ 12 ಎಂದರೆ 1,380. ಇಎಸ್‌ಐ ಹಾಗಲ್ಲ. ಆಗ ಅದು ಬಾಡಿಗೆ ಭತ್ಯೆಯನ್ನೂ ಓವರ್‌ಟೈಮನ್ನೂ ಸೇರಿಸಿ ನೋಡುತ್ತಿತ್ತು. 2019ರ ಜುಲೈ 1ರಿಂದ ನೌಕರನ ಪಾಲು ಶೇಕಡಾ 1.75ರಿಂದ 0.75ಕ್ಕೆ ಇಳಿದಿತ್ತು. 14,950ಕ್ಕೆ ಅದು 112 ರೂಪಾಯಿ ಚಿಲ್ಲರೆ. ಇಎಸ್‌ಐಯಲ್ಲಿ ಚಿಲ್ಲರೆ ಎಷ್ಟೇ ಇರಲಿ ಮುಂದಿನ ರೂಪಾಯಿಗೆ ಏರಿಸಬೇಕು, ಆದ್ದರಿಂದ 113. ಇನ್ನು ವೃತ್ತಿ ತೆರಿಗೆಗೆ ಶೇಕಡಾವಾರು ಎಂಬುದೇ ಇಲ್ಲ, ಇರುವುದು ಒಂದು ಹೊಸ್ತಿಲು. ಆಗ ಕರ್ನಾಟಕದಲ್ಲಿ ತಿಂಗಳಿಗೆ 15,000 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ 200, ಇಲ್ಲವಾದರೆ ಏನೂ ಇಲ್ಲ. ಚಾಲಕನ ಆ ತಿಂಗಳ ಗಳಿಕೆ ಹೊಸ್ತಿಲಿಗೆ 50 ರೂಪಾಯಿ ಕೆಳಗಿತ್ತು. ಸಹಾಯಕಿಯ 15,600 ಉಳಿದಿದ್ದರೆ ತೆರಿಗೆಯೂ ಬೀಳುತ್ತಿತ್ತು ಎಂಬುದನ್ನು ಗಮನಿಸಿ. ದಿನದ ಎಣಿಕೆಯಲ್ಲಾದ ಒಂದು ತಪ್ಪು ಕಡಿತದಲ್ಲಿ ಇನ್ನೊಂದಾಗಿ ಮರಿ ಹಾಕುವುದು ಹೀಗೆ.

ಎಲ್ಲ ಸೇರಿ ಅವನಿಗೆ ಬರಬೇಕಾಗಿದ್ದದ್ದು 13,457. ಹೆಚ್ಚು ಕಡಿದದ್ದು 394 ರೂಪಾಯಿ. ಇಂಥದ್ದನ್ನು ಹಿಡಿಯುವುದಕ್ಕೆ ದೊಡ್ಡ ವಿದ್ಯೆ ಬೇಡ. ಭವಿಷ್ಯ ನಿಧಿಯ ಕಡಿತವನ್ನು ಆ ತಿಂಗಳು ಗಳಿಸಿದ ಮೂಲ ವೇತನದಿಂದ ಭಾಗಿಸಿ ನೋಡಿದರೆ ಸಾಕು. 12 ಬರಬೇಕಾದಲ್ಲಿ ಹದಿಮೂರೂವರೆ ಬಂದರೆ, ಆ ಸಾಲಿನಲ್ಲಿ ಸೂತ್ರ ಸತ್ತಿದೆ ಎಂದೇ ಅರ್ಥ.

ಆ 394 ಹಿಂತಿರುಗಿಸಿ ಸುಧಾರಿಸಿಕೊಳ್ಳುವಷ್ಟರಲ್ಲಿ ಸೆಪ್ಟೆಂಬರ್ ಪಗಾರ ಬಂತು. ಚಾಲಕ ಆ ತಿಂಗಳು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ಅವನ ಖಾತೆಗೆ ಮತ್ತೆ 13,457 ಬಿತ್ತು. ಈ ಸಲ ಸೂತ್ರ ಸರಿ ಇತ್ತು, ಕಡಿತ ಸರಿ ಇತ್ತು, ಮಸ್ಟರ್ ಹಾಳೆಯೂ ಸರಿ ಇತ್ತು. ಅದರಲ್ಲಿ ಮೂರು ಖಾಡಾ ಗುರುತುಗಳಿದ್ದವು.

ಆ ಹಾಳೆ ಆಗಸ್ಟ್ 26ರಿಂದ ಸೆಪ್ಟೆಂಬರ್ 25ರವರೆಗಿನದು. 29, 30, 31ನೇ ತಾರೀಖುಗಳು ಅದರೊಳಗೇ ಇದ್ದವು. ಮೇಲ್ವಿಚಾರಕರು ಸುಳ್ಳು ಬರೆದಿರಲಿಲ್ಲ. ಆದರೆ ಅದೇ ಮೂರು ದಿನವನ್ನು ನಾವು ಫೋನಿನ ಮಾತಿನ ಮೇಲೆ ಆಗಸ್ಟ್‌ನಲ್ಲೇ ಕಡಿದಾಗಿತ್ತು. ಒಂದೇ ಗೈರುಹಾಜರಿ ಎರಡು ದಾರಿಯಲ್ಲಿ ಬಂದು ಎರಡು ಸಲ ಕತ್ತರಿಸಿತ್ತು. ನಾನು ಕಂಡ ಪಗಾರದ ತಪ್ಪುಗಳಲ್ಲಿ ಅತಿ ಹೆಚ್ಚಿನವು ಈ ಜಾತಿಯವು. ಗಡುವು ಮತ್ತು ತಿಂಗಳ ಕೊನೆಯ ನಡುವಿನ ಆ ಐದಾರು ದಿನ ಯಾರ ಸ್ವತ್ತೂ ಅಲ್ಲ. ಅಲ್ಲಿ ಬಿಟ್ಟವರು, ಸೇರಿದವರು, ರಜೆ ಹಾಕಿದವರು ಎಲ್ಲರೂ ಎರಡು ಹಾಳೆಗಳ ನಡುವೆ ಸಿಕ್ಕಿಬೀಳುತ್ತಾರೆ. 28ಕ್ಕೆ ಕೆಲಸ ಬಿಟ್ಟವನಿಗೆ 31ರವರೆಗೆ ಪಗಾರ ಹೋಗುವುದೂ ಇಲ್ಲಿಯೇ. ಅದನ್ನು ವಾಪಸು ಕೇಳಲು ಅವನು ಸಿಗುವುದಿಲ್ಲ.

ಅಂದಿನಿಂದ ಶೀಟಿನಲ್ಲಿ ಒಂದು ಕಾಲಂ ಹೆಚ್ಚಿಸಿದೆವು. ಫೋನಿನಲ್ಲಿ ಬಂದ ಗೈರುಹಾಜರಿಯನ್ನು ಬರೀ ಸಂಖ್ಯೆಯಾಗಿ ಬರೆಯದೆ ತಾರೀಖಿನ ಸಮೇತ ಅಲ್ಲಿ ಬರೆಯುವುದು. ಮುಂದಿನ ಹಾಳೆ ಬಂದಾಗ ಮೊದಲು ಆ ತಾರೀಖುಗಳನ್ನು ಹೊಡೆದು ಹಾಕಿ, ಉಳಿದದ್ದನ್ನು ಮಾತ್ರ ಎಣಿಸುವುದು. ಫೋನಿನಲ್ಲಿ ಮೂರು ದಿನ ಎಂದವರು ಹಾಳೆಯಲ್ಲಿ ಎರಡೇ ಬರೆದಿದ್ದರೆ ಅದೂ ಆಗಲೇ ಬಯಲಾಗುತ್ತದೆ. ಬರೀ "3" ಎಂದು ಬರೆದಿಟ್ಟರೆ ಯಾವ ಮೂರು ಎಂದು ಒಂದು ತಿಂಗಳ ಮೇಲೆ ಯಾರಿಗೂ ಗೊತ್ತಿರುವುದಿಲ್ಲ.

ಬಾಕಿ ಕೊಡುವುದರಲ್ಲೂ ಒಂದು ಸೂಕ್ಷ್ಮವಿದೆ. ಸಹಾಯಕಿ ಅಕ್ಟೋಬರ್ ಚೀಟಿಯಲ್ಲಿ "ಇತರೆ 1,950" ಎಂದು ಹಾಕಿ ಮುಗಿಸಲು ಹೊರಟಿದ್ದಳು. ಚಾಲಕನಿಗೆ ಅದರಿಂದ ಸಂತೋಷವೇ. ಆದರೆ ಆ 1,950ರಲ್ಲಿ 1,500 ಮೂಲ ವೇತನ, 450 ಬಾಡಿಗೆ ಭತ್ಯೆ. ಮೂಲ ವೇತನದ ಭಾಗಕ್ಕೆ ಭವಿಷ್ಯ ನಿಧಿ 180 ಹೋಗಬೇಕು, ಅಷ್ಟೇ ಮೊತ್ತ ಮಾಲೀಕರೂ ಹಾಕಬೇಕು. "ಇತರೆ" ಎಂದರೆ ಆ 180, ಮಾಲೀಕರ 180 ಎರಡೂ ಅವನ ಖಾತೆಗೆ ತಪ್ಪುತ್ತವೆ. ಜೊತೆಗೆ ಇಎಸ್‌ಐ 14. ಸೆಪ್ಟೆಂಬರ್ ಗಳಿಕೆ ಈಗ 16,900 ಆದ್ದರಿಂದ ವೃತ್ತಿ ತೆರಿಗೆ 200. ಇಷ್ಟು ಹೋಗಿ ಕೈಗೆ 1,556. ಅವನು ಆ ಇನ್ನೂರರ ಮೇಲೆ ಕಣ್ಣಿಟ್ಟ.

"ಘಟ್ಟದ ಕೆಳಗ ಮೊಲ್ಲೆಮ್‌ದಾಗ ನನ್ನ ಸಡ್ಡಕ ಡ್ರೈವರ್ ಅದಾನ್ರಿ. ಅವಂಗ ಈ ಕಟ್ ಇಲ್ಲಂತ. ನಮಗಷ್ಟ ಯಾಕ್ರಿ ಅಕ್ಕಾರ?"

ಅವನ ಸಡ್ಡಕ ಹೇಳಿದ್ದು ನಿಜ. ವೃತ್ತಿ ತೆರಿಗೆ ರಾಜ್ಯಗಳ ತೆರಿಗೆ. ಸಂವಿಧಾನದ 276ನೇ ವಿಧಿ ವರ್ಷಕ್ಕೆ ತಲಾ 2,500 ರೂಪಾಯಿ ಮೀರಬಾರದೆಂದಿದೆ. ಹಾಕಲೇಬೇಕೆಂದು ಹೇಳಿಲ್ಲ. ಕರ್ನಾಟಕ 1976ರ ತನ್ನ ಕಾಯ್ದೆಯಡಿ ಹಾಕುತ್ತದೆ, ಗೋವಾ ಹಾಕುವುದಿಲ್ಲ. ಮನೆ ಎಲ್ಲಿದೆ ಎಂಬುದು ಇದರಲ್ಲಿ ಮುಖ್ಯವಲ್ಲ, ಕೆಲಸ ಎಲ್ಲಿ ಎಂಬುದು ಮುಖ್ಯ. ಮೊಲ್ಲೆಮ್‌ನಿಂದ ದಿನಾ ಘಟ್ಟ ಹತ್ತಿ ಅನಮೋಡದ ಅಂಗಳದಲ್ಲಿ ಹಾಜರಿ ಹಾಕುವವನಿಗೂ ಕಟ್ ಆಗುತ್ತದೆ. ಗಡಿಯ ಸಂಸ್ಥೆಗಳಲ್ಲಿ ಆಧಾರ್ ಕಾರ್ಡಿನ ವಿಳಾಸ ನೋಡಿ ತೆರಿಗೆ ಬಿಡುವ ತಪ್ಪು ಆಗುತ್ತಿರುತ್ತದೆ. ನಾನು ಅವನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಕೇಳಿಸಿಕೊಂಡ, ಒಪ್ಪಿದ ಹಾಗೆ ಕಾಣಲಿಲ್ಲ.

ಚಾಲಕನ ಕತೆಯಲ್ಲಿ ಕಳೆದದ್ದನ್ನೆಲ್ಲ ತಿರುಗಿ ಕೊಡಬಹುದಾಗಿತ್ತು. ಹಾಗಾಗದ ಪ್ರಸಂಗ ಅದರ ಹಿಂದಿನ ವರ್ಷದ್ದು. ಇನ್ನೊಂದು ಅಂಗಳದ ಮೇಲ್ವಿಚಾರಕರೊಬ್ಬರಿಗೆ 2018ರ ಜೂನ್ 1ರಿಂದ ಪಗಾರ 20,500ರಿಂದ 22,000ಕ್ಕೆ ಏರಿತು. ಇಎಸ್‌ಐ ಮಿತಿ 21,000. ಮಿತಿ ದಾಟಿತೆಂದು ಅವರ ಇಎಸ್‌ಐ ಅನ್ನು ಆ ತಿಂಗಳಿಂದಲೇ ನಿಲ್ಲಿಸಲಾಯಿತು. ಕೇಳಲು ಸರಿಯೆನಿಸುತ್ತದೆ, ನಿಯಮ ಹಾಗಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ವಂತಿಗೆ ಅವಧಿಗಳಿವೆ. ಅವಧಿಯ ಶುರುವಿನಲ್ಲಿ ಒಳಗಿದ್ದವರು ನಡುವೆ ಎಷ್ಟೇ ಪಗಾರ ಏರಿದರೂ ಅವಧಿ ಮುಗಿಯುವವರೆಗೆ ಒಳಗೇ ಇರಬೇಕು, ಏರಿದ ಪಗಾರದ ಮೇಲೆಯೇ ವಂತಿಗೆ ಕಟ್ಟಬೇಕು.

ಇದರ ಪೆಟ್ಟು ಬಿದ್ದದ್ದು ಮುಂದಿನ ವರ್ಷ. ಏಪ್ರಿಲ್–ಸೆಪ್ಟೆಂಬರ್ ವಂತಿಗೆಯ ಫಲ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಕಾಯಿಲೆ ಬಿದ್ದು ಮಲಗಿದರೆ ದಿನದ ಪಗಾರದ ಶೇಕಡಾ 70ರಷ್ಟು ನಗದು ಸಿಗುತ್ತದೆ. ಆದರೆ ಆ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು. ಅವರಿಗೆ ಬಿದ್ದದ್ದು ಏಪ್ರಿಲ್ ಮತ್ತು ಮೇ ಮಾತ್ರ, ಹೆಚ್ಚೆಂದರೆ 61 ದಿನ. 2019ರ ಫೆಬ್ರುವರಿಯಲ್ಲಿ ಅವರಿಗೆ ಕಾಮಾಲೆಯಾಯಿತು. ದಾಂಡೇಲಿಯ ಇಎಸ್‌ಐ ಆಸ್ಪತ್ರೆಗೆ ಹೋದಾಗ, ವಂತಿಗೆಯ ದಿನ ಸಾಲುವುದಿಲ್ಲವೆಂದು ಗೊತ್ತಾಯಿತು. ಸಂಸ್ಥೆ ಆಮೇಲೆ ನಾಲ್ಕು ತಿಂಗಳ ವಂತಿಗೆಯನ್ನು ವರ್ಷಕ್ಕೆ ಶೇಕಡಾ 12ರ ಬಡ್ಡಿ ಸಮೇತ ಕಟ್ಟಿತು. ನೌಕರನ ಪಾಲನ್ನೂ ತಾನೇ ಹೊತ್ತಿತು, ಏಕೆಂದರೆ ಯಾವ ಅವಧಿಯ ವಂತಿಗೆಯೋ ಆ ಅವಧಿಯ ಪಗಾರದಿಂದ ಮಾತ್ರ ಅದನ್ನು ಕಡಿಯಬಹುದು, ತಡವಾಗಿ ಬೇರೆ ತಿಂಗಳ ಪಗಾರಕ್ಕೆ ಕೈ ಹಾಕುವಂತಿಲ್ಲ. ಆದರೆ ಮೇಲ್ವಿಚಾರಕರು ಕಾಮಾಲೆಯಿಂದ ಮಲಗಿದ್ದ ಮೂರು ವಾರ ಸಾಲ ಮಾಡಿಕೊಂಡೇ ಮನೆ ನಡೆಸಿದ್ದರು.

ಇವುಗಳ ನಂತರ, ಬ್ಯಾಂಕಿಗೆ ಹಾಳೆ ಕಳಿಸುವ ಮೊದಲು ನಾವು ಒಂದು ಕೆಲಸ ತಪ್ಪದೆ ಮಾಡುತ್ತಿದ್ದೆವು. ಹಿಂದಿನ ತಿಂಗಳ ಮತ್ತು ಈ ತಿಂಗಳ ಕೈಗೆ ಬರುವ ಪಗಾರವನ್ನು ಪಕ್ಕಪಕ್ಕ ಇಟ್ಟು, ನೂರು ರೂಪಾಯಿಗಿಂತ ಹೆಚ್ಚು ಬದಲಾದ ಹೆಸರುಗಳನ್ನು ಮಾತ್ರ ಮುದ್ರಿಸುವುದು. ಪ್ರತಿ ಹೆಸರಿನ ಮುಂದೆ ಕಾರಣವನ್ನು ಕೈಯಲ್ಲಿ ಬರೆಯುವುದು. ರಜೆ ಇಂಥ ತಾರೀಖು, ಬಡ್ತಿ ಇಂಥ ಪತ್ರ, ಮುಂಗಡ ಇಂಥ ಕಂತು. ಕಾರಣ ಬರೆಯಲಾಗದ ಹೆಸರು ಸಿಕ್ಕರೆ ಅಲ್ಲಿ ತಪ್ಪಿರುತ್ತಿತ್ತು. ಬದಲಾಗಬೇಕಾಗಿಯೂ ಬದಲಾಗದವರು ಈ ಜಾಲರಿಯಲ್ಲಿ ಸಿಗುವುದಿಲ್ಲ ಎಂಬುದು ಇದರ ಮಿತಿ. ಅದಕ್ಕೆ ಕೆಲಸ ಬಿಟ್ಟವರ ಪಟ್ಟಿ ಮತ್ತು ರಜೆ ಅರ್ಜಿಗಳನ್ನು ಎದುರಿಗಿಟ್ಟುಕೊಂಡು ಶೀಟಿನಲ್ಲಿ ಆ ಹೆಸರುಗಳನ್ನು ಹುಡುಕಬೇಕು.

ನಾನು ಹೇಳಿದ ಅಂಕಿಗಳಲ್ಲಿ ಕೆಲವು ಈಗ ಹಳೆಯವು. ಕರ್ನಾಟಕದಲ್ಲಿ ವೃತ್ತಿ ತೆರಿಗೆಯ ಹೊಸ್ತಿಲು 2023ರ ಏಪ್ರಿಲ್‌ನಿಂದ 25,000ಕ್ಕೆ ಏರಿದೆ, ಆ ಚಾಲಕನ ಪಗಾರಕ್ಕೆ ಇಂದು ತೆರಿಗೆಯೇ ಇಲ್ಲ. 25,000 ಮುಟ್ಟಿದವರಿಗೆ 2025–26ರಿಂದ ಫೆಬ್ರುವರಿಯಲ್ಲಿ 200ರ ಬದಲು 300 ಕಟ್ ಆಗುತ್ತದೆ. ಶೀಟ್ ಕಾಪಿ ಮಾಡುವವರು ಆ ಒಂದು ತಿಂಗಳನ್ನು ಮರೆಯುವುದು ಖಂಡಿತ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಅದು ಎಣಿಸುತ್ತದೆ. ಕೆಲಸ ಬಿಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು ಎನ್ನುತ್ತದೆ. 25ಕ್ಕೆ ಮಸ್ಟರ್ ಮುಚ್ಚಿ ಕೂರುವ ನಮ್ಮಂಥ ಸಂಸ್ಥೆಗಳಿಗೆ ಈ ಎರಡನೆಯದೇ ಕಷ್ಟ.

ಪಗಾರದ ಮೇಜಿಗೆ ಹೊಸದಾಗಿ ಬಂದವರಲ್ಲಿ ನನ್ನದೊಂದು ವಿನಂತಿ. ಪಗಾರ ಕಡಿಮೆ ಬಂತೆಂದು ಯಾರಾದರೂ ಚೀಟಿ ಹಿಡಿದು ಬಂದರೆ, ಸಿಸ್ಟಮ್ ಸರಿಯಾಗಿದೆ ಎಂದು ಕಳಿಸಬೇಡಿ. ಮಸ್ಟರ್ ಹಾಳೆ ತೆಗೆದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ತಾರೀಖನ್ನು ಗಟ್ಟಿಯಾಗಿ ಓದಿ.